ಇಲ್ಲ ಎಂದು ಬರೆಯದ ಕಂಪನಿ

ಬೀರೇಶನನ್ನು ನಾನು ಮೊದಲು ನೋಡಿದ್ದು ಫೋಟೊದಲ್ಲಿ. ಬಹುಮಾನ ಗೆದ್ದ ಟಗರಿನ ಕೊರಳು ತಬ್ಬಿಕೊಂಡು, ಹಣೆಯ ತುಂಬ ಭಂಡಾರದ ಅರಿಸಿನ ಬಳಿದುಕೊಂಡು ನಿಂತಿದ್ದ. ಇಳಕಲ್ಲಿನ ನಮ್ಮ ಗ್ರಾನೈಟ್ ಕಾರ್ಖಾನೆಗೆ ಕೆಲಸ ಕೇಳಿ ಬರೆದ ಮೇಲ್‌ಗೆ ಅದನ್ನೂ ಸೇರಿಸಿ ಕಳಿಸಿದ್ದ. ನಾವು ಜಾಹೀರಾತು ಹಾಕಿರಲಿಲ್ಲ, ಯಾರನ್ನೂ ಕರೆದಿರಲಿಲ್ಲ.

ಒಂದೇ ಮೇಲ್‌ನಲ್ಲಿ ಹಿಡಿಸದಿದ್ದರಿಂದ ಭಾಗ ಒಂದು, ಭಾಗ ಎರಡು, ಭಾಗ ಮೂರು ಎಂದು ಕಳಿಸಿದ್ದ. ಕುಲದೇವರು ಬೀರಪ್ಪನನ್ನು ನೆನೆದು ಶುರುವಾದ ಬರಹದಲ್ಲಿ ಅಪ್ಪ ಕುರಿ ಕಾಯ್ದದ್ದು, ತಾನು ಪಿಯುಸಿ ಮುಗಿಸಿದ್ದು, ಕುಳಗೇರಿ ಕ್ರಾಸಿನ ಪೈಪು-ಪಂಪಿನ ಅಂಗಡಿಯಲ್ಲಿ ಗೋದಾಮು ನೋಡಿಕೊಳ್ಳುವುದು, ಯಾವ ನಟ್ಟು ಯಾವ ಡಬ್ಬಿಯಲ್ಲಿದೆ ಎಂದು ಕತ್ತಲಲ್ಲೂ ಹೇಳಬಲ್ಲೆನೆಂಬುದು, ಹೀಗೆ ಮುಗಿಯುವ ಲಕ್ಷಣವೇ ಇರಲಿಲ್ಲ. ಲಗತ್ತುಗಳು ನಲವತ್ತಕ್ಕೂ ಹೆಚ್ಚು: ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಮನೆಮಂದಿಯೆಲ್ಲರ ಆಧಾರ್, ರೇಷನ್ ಕಾರ್ಡು, ಹೆಂಡತಿ ಲಲಿತಾಳ ಹೊಲಿಗೆ ತರಬೇತಿಯ ಸರ್ಟಿಫಿಕೇಟು, ಮಗಳಿಗೆ ಹಾಕಿಸಿದ ಲಸಿಕೆಯ ಚೀಟಿ. ಚಹಾದ ಹೊತ್ತಿಗೆ ಇದನ್ನು ಓದಿ ಆಫೀಸೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಟಗರಿಗೂ ಒಂದು ಹುದ್ದೆ ನೋಡ್ರಿ ಎಂದು ಒಬ್ಬರು ಹೇಳಿದರು.

ನಗದೇ ಇದ್ದವಳು ಕಸ್ತೂರಿ ಒಬ್ಬಳೇ. ಕೆಲಸಕ್ಕೆ ಜನ ತೆಗೆದುಕೊಳ್ಳುವ ವಿಭಾಗ ಅವಳದು. ನನ್ನ ಬಿಲ್ಲಿಂಗ್ ಮೇಜಿನ ಪಕ್ಕದಲ್ಲೇ ಕೂರುತ್ತಾಳೆ. ತಾನು ಕೆಲಸ ಹುಡುಕುತ್ತಿದ್ದಾಗ ಯಾವ ಕಂಪನಿಯೂ ಒಂದು ಸಾಲು ಉತ್ತರ ಕೊಡಲಿಲ್ಲ ಎಂಬ ಸಿಟ್ಟು ಅವಳಿಗೆ ಇನ್ನೂ ಇದೆ. ಅದಕ್ಕೇ ಬಂದ ಪ್ರತಿ ಮೇಲ್‌ಗೂ ಉತ್ತರ ಬರೆಯುತ್ತಾಳೆ. ಅವಳ ಸಭ್ಯತೆ ಕಂಡರೆ ನನಗೆ ಮೈ ಉರಿಯುತ್ತದೆ, ಆದರೆ ಉತ್ತರ ಚೆನ್ನಾಗಿಯೇ ಇತ್ತು:

‘ಮಾನ್ಯ ಬೀರೇಶ ಅವರೇ, ನಮ್ಮ ಸಂಸ್ಥೆಯಲ್ಲಿ ಆಸಕ್ತಿ ತೋರಿ ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಗೋದಾಮಿನ ನಿಮ್ಮ ಅನುಭವ ಮೆಚ್ಚುವಂಥದ್ದು. ಸದ್ಯ ಅದಕ್ಕೆ ಹೊಂದುವ ಹುದ್ದೆ ಖಾಲಿ ಇಲ್ಲ. ನಿಮ್ಮ ಹೆಸರು, ಫೋನ್ ನಂಬರ್ ಇಟ್ಟುಕೊಂಡಿದ್ದೇವೆ. ಸೂಕ್ತ ಅವಕಾಶ ಬಂದರೆ ಸಂಪರ್ಕಿಸುತ್ತೇವೆ. ಮುಂದೆ ಒಂದು ಪುಟದ ಬಯೋಡೇಟಾ ಸಾಕು. ಆಧಾರ್ ಮುಂತಾದವನ್ನು ಕೇಳಿದಾಗ ಮಾತ್ರ ಕಳಿಸಿ.’

ಕಳಿಸಿದ ಮೇಲೆ ಮೂರೂ ಭಾಗಗಳನ್ನು ಲಗತ್ತುಗಳ ಸಮೇತ ಅಳಿಸಿದಳು. ಕೇಳದೆ ಬಂದ ಮಂದಿಯ ಆಧಾರ್ ಇಟ್ಟುಕೊಳ್ಳಬಾರದು, ಸರಿಯಾದ ಕೆಲಸವೇ.

ಆದರೆ ನಮ್ಮ ಕಡೆ ಕೆಲಸ ಕೊಡದವರು ಉತ್ತರ ಬರೆಯುವುದಿಲ್ಲ. ಸುಮ್ಮನಿರುತ್ತಾರೆ, ಅದೇ ‘ಇಲ್ಲ’. ಅದರಲ್ಲೂ ಕಚೇರಿಯವರು ಯಾವ ಕಾಗದ ಬೇಕು, ಯಾವುದು ಬೇಡ ಎಂದು ಹೇಳತೊಡಗಿದರೆ ಕೆಲಸ ಆದಂತೆಯೇ ಲೆಕ್ಕ. ತಹಶೀಲ್ದಾರ್ ಕಚೇರಿಯಿಂದ ಬ್ಯಾಂಕಿನ ತನಕ ಎಲ್ಲ ಕಡೆ ಹಾಗೆ. ಬೀರೇಶನೂ ಹಾಗೇ ತಿಳಿದು, ಒಂದು ಪುಟದ ಬಯೋಡೇಟಾ ಬರೆದು ಅಂದೇ ಕಳಿಸಿದ. ಮರುದಿನ ಪೇಡೆ ತೆಗೆದುಕೊಂಡು ಅಂಗಡಿ ಸಾವಕಾರ ಹನಮಂತಪ್ಪನ ಕಾಲಿಗೆ ಬಿದ್ದ. ಅನ್ನ ಹಾಕಿದವರಿಗೆ ಹೇಳದೆ ಹೋಗಬಾರದು ಎಂಬ ನಿಯತ್ತು ಅವನದು. ನಿಯತ್ತಿನವರಿಗೆ ಈ ಲೋಕದಲ್ಲಿ ಒದೆ ತಪ್ಪಿದ್ದಲ್ಲ.

ಹನಮಂತಪ್ಪ ಪೇಡೆ ತಿಂದ. ಫೋನು ಇಸಿದುಕೊಂಡು ಉತ್ತರ ಓದಿದ. ಆಮೇಲೆ ಗೋದಾಮಿನ ಕೀಲಿಕೈ ಕೇಳಿದ.

“ಇನ್ನೂ ಕರದಿಲ್ರಿ ಸಾವಕಾರ, ಕರಿಯೂತನ ಇಲ್ಲೇ ಇರ್ತೇನಿ,” ಎಂದ ಬೀರೇಶ.

“ನಾಳೆ ಓಡಿ ಹೋಗಾಂವನ್ನ ಇವತ್ತ ಯಾಕ ಇಟ್ಕೊಳ್ಳಿ? ಸೀಸನ್ ನಡುವ ಅವರು ಕರದ್ರ ನಾ ಯಾರನ್ನ ಹುಡಕ್ಲಿ? ಅವರು ನಿನ್ನ ಬ್ಯಾಡ ಅಂತ ಬರದು ಕೊಡ್ಲಿ. ತಂದು ತೋರಸು, ಕೀಲಿ ನಿನ್ನ ಕೈಯಾಗ ಇಡ್ತೇನಿ.”

ವಾರ ಕಾದ ಬೀರೇಶ, ಎರಡು ಬಸ್ ಬದಲಿಸಿ ನಮ್ಮ ಗೇಟಿಗೆ ಬಂದ. ಜೊತೆಗೆ ಲಲಿತಾ ಇದ್ದಳು. ಕೆಲಸ ಸಿಗುತ್ತದೆಂದಲ್ಲ, ಸಿಗುವುದಿಲ್ಲ ಎಂದು ಬರೆಸಿಕೊಳ್ಳಲು ಬಂದಿದ್ದರು. ಬೀರೇಶ ಫೋಟೊದಲ್ಲಿ ಕಂಡಿದ್ದಕ್ಕಿಂತ ಸಣಕಲಾಗಿದ್ದ. ಕಸ್ತೂರಿ ಇಬ್ಬರನ್ನೂ ಒಳಗೆ ಕರೆದು ಕೂರಿಸಿ ನೀರು ಕೊಟ್ಟಳು.

“ಮೇಡಮ್ಮಾರ, ನೌಕರಿ ಕೇಳಾಕ ಬಂದಿಲ್ರಿ. ಒಂದ ಸಾಲು ಬರೀರಿ. ಈ ಬೀರೇಶ ನಮಗ ಬ್ಯಾಡ, ಇವನ್ನ ಎಂದೂ ತಗೊಳ್ಳೂದಿಲ್ಲ ಅಂತ. ಅಷ್ಟ ಸಾಕು.”

“ಹಂಗ್ಯಾಕ ಬರಿಯೂದ್ರಿ ಅಣ್ಣಾರ? ನಿಮ್ಮ ಬಗ್ಗೆ ನಮಗ ಗೌರವ ಐತಿ,” ಎಂದಳು ಕಸ್ತೂರಿ.

“ಗೌರವ ಬ್ಯಾಡ್ರಿ ಅಕ್ಕಾರ,” ಎಂದಳು ಲಲಿತಾ. “ಅದನ್ನ ನೋಡಿದ್ದಕ್ಕನ ಕೀಲಿ ಕಸಗೊಂಡಾರ. ಬೈದು ಬರೀರಿ.”

ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಇಬ್ಬರೂ ಹೇಳಿದರು. ಕಸ್ತೂರಿ ಎದ್ದು ಮ್ಯಾನೇಜರ್ ಪ್ರಬುದ್ಧ ಅವರ ಕೋಣೆಗೆ ಹೋದಳು. ಗಾಜಿನ ಗೋಡೆ, ಮಾತು ನನ್ನ ತನಕ ಕೇಳುತ್ತಿತ್ತು. ಪ್ರಬುದ್ಧ ಕೆಟ್ಟ ಮನುಷ್ಯರಲ್ಲ. ಕಂಪನಿಯ ಮಾನ ಕಾಯಲೆಂದೇ ಸಂಬಳ ಪಡೆಯುವವರು.

“ಎಂದೂ ತಗೊಳ್ಳೂದಿಲ್ಲ ಅಂತ ಬರದು ಸೀಲ್ ಹೊಡದ್ರ ನಾಳೆ ಏನಾಗ್ತದ ಗೊತ್ತೇನು? ಯಾವ ಜಾತಿ ಅಂತ ಬ್ಯಾಡ ಅಂದ್ರಿ ಅಂತ ಯಾರರ ಕೇಳ್ತಾರ. ಅಂವಂದು ಜಾತಿ ಸರ್ಟಿಫಿಕೇಟ್ ಬ್ಯಾರೆ ಕಳಿಸ್ಯಾನ, ನೋಡಿಲ್ಲ ಅಂತ ಹೆಂಗ ಹೇಳ್ತಿ? ಹುದ್ದೆನ ಇಲ್ಲ, ಅರ್ಜಿ ಕರದಿಲ್ಲ. ಇಲ್ಲದ ಹುದ್ದೆಗೆ ಒಬ್ಬನ್ನ ಬ್ಯಾಡ ಅಂತ ಹೆಂಗ ಬರೀತಿ?”

“ಅಂವನ ಕೆಲಸ ಹೋಗೇತ್ರಿ ಸರ್.”

“ಅದು ನಾವು ಕೊಟ್ಟ ಕೆಲಸ ಅಲ್ಲ. ಮೊದಲ ಕಳಿಸಿದ್ದನ್ನ ಇನ್ನೊಮ್ಮೆ ಕಳಸು. ಒಂದ ಅಕ್ಷರ ಬದಲಿ ಮಾಡಬ್ಯಾಡ.”

ಲಗತ್ತಿಸಿದ್ದ ಕಾಗದಗಳನ್ನು ಆಗಲೇ ಅಳಿಸಿಯಾಗಿದೆ ಎಂದು ಅವಳು ಹೇಳಿದಳು. ನೋಡಿದ್ದು ಅಳಿಸಿಹೋಗುವುದಿಲ್ಲ ಎಂದರು ಪ್ರಬುದ್ಧ. ಕಸ್ತೂರಿ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಬಾಯಲ್ಲಿ ಹೇಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲವಲ್ಲ, ಹೇಳಿದಳು: “ಅಣ್ಣಾರ, ಇಲ್ಲಿ ನೌಕರಿ ಸಿಗೂದಿಲ್ರಿ. ಕಾಯಬ್ಯಾಡ್ರಿ.” ಬೀರೇಶ ಕೈಮುಗಿದ. ಅದನ್ನೇ ಸಾವಕಾರರಿಗೆ ಫೋನಿನಲ್ಲಿ ಹೇಳಿ ಎಂದ. ಅವಳು ಗಾಜಿನ ಕಡೆ ಒಮ್ಮೆ ನೋಡಿದಳು. ಪ್ರಬುದ್ಧ ಇತ್ತಲೇ ನೋಡುತ್ತಿದ್ದರು. ಹೊರಗಿನವರೊಂದಿಗೆ ಫೋನಿನಲ್ಲಿ ಮಾತಾಡುವಂತಿಲ್ಲ, ಮೇಲ್ ಕಳಿಸುತ್ತೇನೆ, ಅದನ್ನು ತೋರಿಸಿ ಎಂದಳು. ನನಗೆ ಅವಳ ಮೇಲೆ ಬಂದ ಸಿಟ್ಟು ಪ್ರಬುದ್ಧರ ಮೇಲೂ ಬರಲಿಲ್ಲ. ಅವರು ಕಲ್ಲು ಎಂದು ಎಲ್ಲರಿಗೂ ಗೊತ್ತು. ಇವಳು ನೀರು ಕೊಟ್ಟು ಕೂರಿಸಿದವಳು.

ಬೀರೇಶ, ಲಲಿತಾ ಗೇಟು ದಾಟುವ ಮೊದಲೇ ಅದೇ ಹಳೆಯ ಮೇಲ್ ಹೋಯಿತು. ಮಾನ್ಯ ಬೀರೇಶ ಅವರೇ ಎಂದು ಶುರುವಾಗಿ, ಧನ್ಯವಾದ, ಮೆಚ್ಚುಗೆ, ಅವಕಾಶ ಎಲ್ಲ ಇದ್ದವು.

ಮುಂದಿನದು ನಮ್ಮ ಲಾರಿ ಡ್ರೈವರ್ ಅಕೀಲ ಹೇಳಿದ್ದು. ಹುಬ್ಬಳ್ಳಿಗೆ ಕಲ್ಲು ಒಯ್ಯುವಾಗ ಅವನು ಕುಳಗೇರಿ ಕ್ರಾಸಿನಲ್ಲಿ ಲಾರಿ ನಿಲ್ಲಿಸುತ್ತಾನೆ. ಬೀರೇಶ, ಲಲಿತಾ ಮರಳಿ ಬಂದ ಹೊತ್ತಿಗೆ ಅವನು ಪೈಪಿಗೆ ಹಾಕುವ ಕ್ಲಿಪ್ಪು ಕೊಳ್ಳಲು ಹನಮಂತಪ್ಪನ ಅಂಗಡಿಯಲ್ಲಿದ್ದ. ಬೀರೇಶ ಉತ್ತರ ಓದಿ ನೋಡಿರಲಿಲ್ಲವೋ, ಓದಿಯೂ ಬೇರೆ ದಾರಿ ಇರಲಿಲ್ಲವೋ, ಸುಮ್ಮನೆ ಫೋನು ಮುಂದೆ ಹಿಡಿದ. ಹನಮಂತಪ್ಪ ಕನ್ನಡಕ ಏರಿಸಿಕೊಂಡು ಕೊನೆಯ ಸಾಲಿನ ತನಕ ಓದಿದ. ಗಿರಾಕಿಗಳಿಗೂ ಕೇಳುವ ಹಾಗೆ ದೊಡ್ಡ ದನಿಯಲ್ಲಿ ಓದಿದ.

“ಬ್ಯಾಡ ಅಂತ ಬರಸ್ಕೊಂಡು ಬಾ ಅಂದ್ರ, ಎರಡನೇ ಸಲ ಮೆಚ್ಚಿ ಬರಸ್ಕೊಂಡು ಬಂದಿ,” ಎಂದ. “ಅಲ್ಲಿತನ ಹೋಗಿ ಇನ್ನೊಮ್ಮೆ ಕೈಕಾಲು ಹಿಡದು ಬಂದಿಯಲ್ಲ, ಭಾಳ ಜೋರದಿ.”

ಬಾಯಲ್ಲಿ ಇಲ್ಲ ಅಂದರು ಎಂದು ಲಲಿತಾ ಆಣೆ ಮಾಡಿ ಹೇಳಿದಳು. ಗಿರಾಕಿಯೊಬ್ಬ ನಕ್ಕ. ಕೀಲಿ ಆಗಲೇ ಹಣಮೇಶ ಎಂಬ ಹೊಸಬನ ಸೊಂಟದಲ್ಲಿತ್ತು. ಅವನಿಗೆ ಅಕೀಲ ಕೇಳಿದ ಕ್ಲಿಪ್ಪು ಸಿಗುತ್ತಿರಲಿಲ್ಲ. ಬೀರೇಶ ಬಾಗಿಲ ಹೊರಗೆ ನಿಂತೇ ಹೇಳಿದ: ಎಡಗಡೆ, ಮೂರನೇ ಸಾಲು, ಕೆಂಪು ಡಬ್ಬಿ. ಅಲ್ಲೇ ಇತ್ತು. ಹನಮಂತಪ್ಪ ಅಕೀಲನಿಂದ ಹಣ ತೆಗೆದುಕೊಂಡು, ಬಾಗಿಲಲ್ಲಿ ಗಾಳಿಗೆ ಅಡ್ಡ ನಿಲ್ಲಬೇಡ ಎಂದು ಬೀರೇಶನಿಗೆ ಹೇಳಿದ.