ಕೊನೆಯ ಅಂಕಿ ನೋಡುತ್ತಿದ್ದ ಅಕ್ಕ

ನಮ್ಮ ಪಾರ್ಸೆಲ್ ಕಂಪನಿಯ ಸಾಫ್ಟ್‌ವೇರ್ ಪರೀಕ್ಷಿಸುತ್ತಿದ್ದ ಅಕ್ಕ ನಿವೃತ್ತರಾಗಿ ಬಹಳ ಕಾಲವಾಯಿತು. ನಾವೆಲ್ಲ ಪಾರ್ಸೆಲ್ ಸಂಖ್ಯೆ ಎಂದು ಒಂದು, ಎರಡು ಹಾಕಿ ನೋಡಿ, ಎಲ್ಲ ಸರಿಯಿದೆಯೆಂದು ಚಹಾಕ್ಕೆ ಏಳುತ್ತಿದ್ದೆವು. ಅಕ್ಕ ಮಾತ್ರ ಮಾರುದ್ದದ ಸಂಖ್ಯೆಯನ್ನೇ ಹಾಕುತ್ತಿದ್ದರು.

ಒಮ್ಮೆ ಸರ್ವರ್ ಕಳಿಸಿದ ಜೇಸನ್ ದತ್ತಾಂಶದಲ್ಲಿ ಪಾರ್ಸೆಲ್ ಸಂಖ್ಯೆ 9007199254740993 ಇತ್ತು. ಬ್ರೌಸರ್ ಅದನ್ನು ಪಾರ್ಸ್ ಮಾಡಿ, ಅಂದರೆ ಬಿಡಿಸಿ ಓದಿ, ತೋರಿಸಿದಾಗ ಕೊನೆಯ ಅಂಕಿ ಮೂರು ಹೋಗಿ ಎರಡಾಗಿತ್ತು.

“ಸರ್ವರ್‌ದೇ ತಪ್ಪು, ಅಕ್ಕ,” ಎಂದೆ.

“ಅದರ ಮೇಲ್ಯಾಕೆ ಗೂಬೆ ಕೂರಿಸ್ತೀಯ? ಇಷ್ಟು ದೊಡ್ಡ ಸಂಖ್ಯೆಗಳನ್ನೆಲ್ಲ ಬ್ರೌಸರ್ ಒಳಗಿನ ಜಾವಾಸ್ಕ್ರಿಪ್ಟ್ ನಿಖರವಾಗಿ ಹಿಡ್ಕೊಳ್ಳಲ್ಲ, ಹತ್ತಿರದ್ದಕ್ಕೆ ತಳ್ಳುತ್ತೆ. ಎರಡರಲ್ಲಿ ಮುಗಿಯೋದು ಬೇರೆಯವರ ಪಾರ್ಸೆಲ್ ಕಣೋ! ಕೋಟ್ಸ್ ಹಾಕಿ ಸ್ಟ್ರಿಂಗ್ ಮಾಡಿ, ಅಂದ್ರೆ ಬರೀ ಅಕ್ಷರಗಳ ಸಾಲಾಗಿ ಕಳಿಸು.”

ಹಾಗೇ ಮಾಡಿದೆ. ಮೂರು ಮೂರಾಗಿಯೇ ಉಳಿಯಿತು.

ಮೊನ್ನೆ ಹೊಸ ಸಹೋದ್ಯೋಗಿಯೊಬ್ಬರು, “ಸಂಖ್ಯೆಗೆ ಯಾಕ್ರೀ ಕೋಟ್ಸ್?” ಎಂದು ಅಳಿಸಹೊರಟರು.

“ಮೊದಲು ಕೊನೇ ಅಂಕಿ ನೋಡ್ರೀ!”

ಗದರಿದ್ದು ನಾನೇ. ದನಿ ಮಾತ್ರ ಅಕ್ಕನದು.