ನಲವತ್ತು ರೂಪಾಯಿಯ ಕಂತು

ಆಗ ನಾನು ಮೂಡುಬಿದಿರೆಯ ಒಂದು ಶಾಲೆಯಲ್ಲಿ ಲೆಕ್ಕದ ಮಾಸ್ಟ್ರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಂದ ಕಾಪಿ ಬರೆಸುತ್ತಿದ್ದವನೂ ನಾನೇ. ಕಡಿತವೆಲ್ಲ ಕಳೆದು ಕೈಗೆ ಬರುತ್ತಿದ್ದದ್ದು ತೊಂಬತ್ತಾರು ರೂಪಾಯಿ. ಹೆಂಡತಿ, ಎರಡು ಮಕ್ಕಳು, ಬಾಡಿಗೆ ಮನೆ.

ಐದು ಸೆಂಟ್ಸ್ ಜಾಗ ಕೊಂಡು ಹಂಚಿನ ಮನೆ ಕಟ್ಟುವ ಆಸೆ ಹತ್ತಿತು. ಮಾಸ್ಟ್ರುಗಳ ಸಹಕಾರಿ ಸಂಘದಲ್ಲಿ ಎರಡು ಸಾವಿರ ಸಾಲ ಕೇಳಿದೆ. ಐದು ವರ್ಷಕ್ಕೆ ಅಸಲು ಬಡ್ಡಿ ಸೇರಿ ತಿಂಗಳಿಗೆ ನಲವತ್ತು. ಸಂಘದ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟ್ರು. ಅರ್ಜಿ ನೋಡಿ ಕನ್ನಡಕ ತೆಗೆದರು.

“ಮಾಸ್ಟ್ರೇ, ಕಂತಿಗೆ ಸಂಬಳದ ಅರ್ಧದವರೆಗೆ ಹಿಡಿಯಲಿಕ್ಕೆ ನಿಯಮ ಉಂಟು. ಆದರೆ ನಿಯಮ ಊಟ ಹಾಕುದಿಲ್ಲ. ದುಡಿಯುವವ ಒಬ್ಬನೇ ಆದ್ರೆ ಕೈಗೆ ಬರುವುದರ ಕಾಲು ಭಾಗ ಸಾಕು. ನಿಮಗೆ ಇಪ್ಪತ್ತನಾಲ್ಕು. ಅದಕ್ಕೆ ಸಾವಿರದ ಇನ್ನೂರು ಸಿಗ್ತದೆ.”

“ಸಾವಿರದ ಇನ್ನೂರರಲ್ಲಿ ಗೋಡೆ ಏಳ್ತದೆ, ಮೇಲೆ ಹಂಚಿನ ಮಾಡು ಬರುದಿಲ್ಲ,” ಎಂದೆ.

“ಹಾಗಾದ್ರೆ ಮೂರು ತಿಂಗಳು ನಲವತ್ತು ತೆಗೆದಿಟ್ಟು, ಐವತ್ತಾರರಲ್ಲಿ ಸಂಸಾರ ಮಾಡಿ ನೋಡಿ. ಅಂಗಡಿಯಲ್ಲಿ ಬಾಕಿ ನಿಲ್ಲದಿದ್ರೆ ನಾನು ಸಹಿ ಹಾಕ್ತೇನೆ.”

ಮೂರು ತಿಂಗಳು ಹಾಗೇ ಮಾಡಿದೆ. ಡಬ್ಬಿಯಲ್ಲಿ ನೂರ ಇಪ್ಪತ್ತು ರೂಪಾಯಿ ಸೇರಿತು, ಅಂಗಡಿಯ ಪುಸ್ತಕದಲ್ಲಿ ಬಾಕಿ ಇಲ್ಲ. ಜಂಬದಿಂದ ಎರಡನ್ನೂ ಒಯ್ದು ಕಾರ್ಯದರ್ಶಿಯವರ ಮೇಜಿನ ಮೇಲಿಟ್ಟೆ. ಸಾಲದ ಕಾಗದದಲ್ಲಿ ‘ದುಡಿಯುವವರು ಎಷ್ಟು ಮಂದಿ’ ಎಂಬ ಕಡೆ ‘ಒಬ್ಬ’ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಜಾಮೀನಿಗೆ ಸಹೋದ್ಯೋಗಿಯೊಬ್ಬರೂ ವಾಮದಪದವಿನಲ್ಲಿ ಮಾಸ್ಟ್ರಾಗಿದ್ದ ನನ್ನ ಭಾವನೂ ಸಹಿ ಹಾಕಿದರು. ಭಾವನೆಂದರೆ ಹೆಂಡತಿಯ ಅಣ್ಣ.

ಹೆಂಡತಿ ಬೀಡಿ ಕಟ್ಟುತ್ತಿದ್ದಳು. ನಮ್ಮ ಕಡೆ ಯಾವ ಮನೆಯಲ್ಲಿ ಕಟ್ಟುತ್ತಿರಲಿಲ್ಲ? ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪು. ಆ ದುಡ್ಡನ್ನು ಗಂಡಸರು ದುಡ್ಡೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹೆಂಗಸರ ಎಣ್ಣೆಗೆ, ಸಾಬೂನಿಗೆ ಆಯಿತು ಎಂದು ಬಿಟ್ಟುಬಿಡುವುದು, ಅದೇ ಮರ್ಯಾದೆ. ನಾನೂ ಮರ್ಯಾದಸ್ಥ.

ಮನೆಯ ಗೋಡೆ ಎದೆಮಟ್ಟಕ್ಕೆ ಬರುವಾಗ ಅವಳಿಗೆ ಕೆಮ್ಮು, ಸಂಜೆ ಜ್ವರ. ಡಾಕ್ಟರು ಕ್ಷಯದ ಶುರು ಎಂದರು. ಔಷಧ, ಹಾಲು, ವಿಶ್ರಾಂತಿ ಬೇಕು, ಹೊಗೆಸೊಪ್ಪಿನ ಧೂಳು ಬೇಡವೇ ಬೇಡ. ಗೆರಸೆ ಅಟ್ಟಕ್ಕೆ ಹೋಯಿತು. ತಿಂಗಳ ಕೊನೆಗೆ ಅಂಗಡಿಯಲ್ಲಿ ಹದಿನೆಂಟು ರೂಪಾಯಿ ಬಾಕಿ. ಲೆಕ್ಕ ತಪ್ಪಿದೆ ಎಂದು ನಾನು ಅಂಗಡಿಯವನ ಮೇಲೆ ರೇಗಿದೆ.

“ಲೆಕ್ಕ ಸರಿ ಉಂಟು ಮಾಸ್ಟ್ರೇ,” ಎಂದ ಅವನು. “ಇಷ್ಟು ಸಮಯ ಮನೆಯವರು ವಾರ ವಾರ ಬೀಡಿ ದುಡ್ಡು ತಂದು ಕೊಡ್ತಾ ಇದ್ರು. ನಿಮಗೆ ಗೊತ್ತಿಲ್ವಾ?”

ಮನೆಗೆ ಬಂದು ಕೇಳಿದೆ. “ನೀವು ಆ ಡಬ್ಬಿ ನೋಡಿ ಅಷ್ಟು ಖುಷಿಯಲ್ಲಿದ್ರಿ. ಹೇಗೆ ಹೇಳುದು?” ಎಂದಳು.

ಮೂರು ತಿಂಗಳ ಪರೀಕ್ಷೆಯಲ್ಲಿ ಪಾಸಾದದ್ದು ನಾನಲ್ಲ. ಐವತ್ತಾರರಲ್ಲಿ ನಮ್ಮ ಸಂಸಾರ ಒಂದು ತಿಂಗಳೂ ನಡೆದಿರಲಿಲ್ಲ. ಕಾರ್ಯದರ್ಶಿಯವರಿಗೆ ಹೇಳಿದೆ. ಅವರು ಬೈಯಲಿಲ್ಲ. “ವಾಯಿದೆ ಉದ್ದ ಮಾಡಿ ಕಂತು ಇಳಿಸುವ. ಜಾಮೀನುದಾರರಿಬ್ಬರೂ ಹೊಸ ಕಾಗದಕ್ಕೆ ಸಹಿ ಹಾಕಬೇಕು, ಅಷ್ಟೇ,” ಎಂದರು.

ಅಷ್ಟೇ. ವಾಮದಪದವಿಗೆ ಬಸ್ಸು ಹತ್ತಿ ಭಾವನ ಮುಂದೆ ಕೂತು, ನಿಮ್ಮ ತಂಗಿಯ ಬೀಡಿಯಲ್ಲಿ ಅಕ್ಕಿ ಬರುತ್ತಿತ್ತು, ಈಗ ಅವಳಿಗೆ ಕ್ಷಯ ಎಂದು ಹೇಳಬೇಕಿತ್ತು. ಮುಂದಿನ ಆದಿತ್ಯವಾರ ಹೋಗುವ ಎಂದುಕೊಂಡೆ. ಹೀಗೆ ಎಷ್ಟೋ ಆದಿತ್ಯವಾರ ಕಳೆದವು. ಸಂಬಳ ಬರುವ ಮೊದಲೇ ಅದರಿಂದ ನಲವತ್ತು ಹೋಗುತ್ತಿತ್ತು. ಹಾಲು ನಿಂತಿತು, ಔಷಧ ಎರಡು ದಿನಕ್ಕೊಮ್ಮೆ ಆಯಿತು. ಒಂದು ದಿನ ಶಾಲೆಯಿಂದ ಬಂದಾಗ ಗೆರಸೆ ಅವಳ ಮಡಿಲಲ್ಲಿತ್ತು. ನಾನು ನೋಡಿಯೂ ನೋಡದವನಂತೆ ಕೈಕಾಲು ತೊಳೆಯಲು ಹೋದೆ. ಈ ಪಾಪವನ್ನು ಯಾರ ತಲೆಗೆ ಕಟ್ಟಲಿ?

ಸಾಲದ ಇಪ್ಪತ್ತನೆಯ ತಿಂಗಳು ಅವಳು ತೀರಿಹೋದಳು, ಬಾಡಿಗೆ ಮನೆಯಲ್ಲೇ. ಹೊಸ ಮನೆಗೆ ಹಂಚು ಹೊದೆಸುವುದು ಬಾಕಿ ಇತ್ತು.

ಅವಳ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟ ಮುಗಿದ ಮೇಲೆ ಕಾರ್ಯದರ್ಶಿ ಆ ಹೊಸ ಕಾಗದ ತಂದರು. ಭಾವ ನನ್ನ ಮುಖ ನೋಡಲಿಲ್ಲ, ಅಂಗಳದ ಬೆಂಚಿನ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಉಳಿದ ಸಾಲಕ್ಕೆ ಆರು ವರ್ಷಕ್ಕೂ ಮೇಲೆ ವಾಯಿದೆ ಸಿಕ್ಕಿತು. ಕಂತು ಇಪ್ಪತ್ತನಾಲ್ಕು ರೂಪಾಯಿ.