ಪಂಚವೀಸ್

ಹಣಕೋಣದ ನಮ್ಮ ಮನೆಯಲ್ಲಿ ಲೆಕ್ಕವೆಲ್ಲ ಕೊಂಕಣಿಯಲ್ಲೇ. ಇಪ್ಪತ್ತೈದಕ್ಕೆ ಪಂಚವೀಸ್ ಅನ್ನುತ್ತೇವೆ. ಐದು ಮೊದಲು, ಇಪ್ಪತ್ತು ಆಮೇಲೆ. ಕಾರವಾರದ ಮೀನುಗಾರರ ಸಂಘವೊಂದರಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿ, ಸ್ಕ್ಯಾನಾಗಿ ಬಂದ ಪಾಸ್‌ಬುಕ್ ನೋಡಿ ಕಂಪ್ಯೂಟರಿಗೆ ಖಾತೆ ಸಂಖ್ಯೆ ಹೊಡೆಯಲು ಕೂತ ಮೇಲೆ ಈ ಹಾಳು ಅಭ್ಯಾಸ ಬೆರಳಿಗೂ ಇಳಿಯಿತು. ಕಣ್ಣು 25 ನೋಡುತ್ತದೆ, ಮನಸ್ಸು ಪಂಚವೀಸ್ ಅನ್ನುತ್ತದೆ, ಬೆರಳು 52 ಒತ್ತಿಬಿಡುತ್ತದೆ.

ಇದನ್ನು ಹೇಳಿಕೊಂಡದ್ದು ಪಕ್ಕದ ಮೇಜಿನ ಅಕ್ಕನಿಗೆ ಮಾತ್ರ. ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಬರುವವರು, ಕಾಯಂ ನೌಕರರು, ಮಧ್ಯಾಹ್ನ ತಮ್ಮ ಡಬ್ಬಿಯ ಮೀನುಸಾರು ನನಗೂ ಬಡಿಸುವವರು. ನಾನು ತುಂಬಿದ್ದನ್ನು ತಾಳೆ ನೋಡುವುದು ಅವರ ಕೆಲಸ. ನನ್ನ ಸಂಖ್ಯೆ ಅವರ ಪರದೆಯಲ್ಲಿ ಬರೀ ಚುಕ್ಕಿಗಳಾಗಿರುತ್ತದೆ. ಸ್ಕ್ಯಾನ್ ನೋಡಿ ಅವರೇ ಇನ್ನೊಮ್ಮೆ ಹೊಡೆಯಬೇಕು, ಎರಡೂ ಹೊಂದದಿದ್ದರೆ ಪಾವತಿ ಮುಂದೆ ಹೋಗದು.

"ಏ ಪಂಚವೀಸ್, ಮತ್ತೆ ತಿರುಗಿಸಿದ್ಯಲ್ಲೇ!" ಎಂದು ನಗುತ್ತ ವಾಪಸು ಕಳಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಆಮೇಲೆ ಕೆಲವು ತಿಂಗಳು ಒಂದೂ ವಾಪಸು ಬರಲಿಲ್ಲ. ಅಂತೂ ಬೆರಳು ಸುಧಾರಿಸಿತು ಎಂದು ಹಿಗ್ಗಿ ಹೀರೇಕಾಯಿಯಾದೆ.

ಬಲೆ ಕೊಳ್ಳುವ ಸಹಾಯಧನ ಬಂದಿಲ್ಲವೆಂದು ಅಂಕೋಲೆ ಕಡೆಯ ಮೀನು ಮಾರುವ ಹೆಂಗಸೊಬ್ಬಳು ಪಾಸ್‌ಬುಕ್ ಹಿಡಿದು ಬಂದಳು. ಕೊನೆಯ ಎರಡು ಅಂಕಿ 25. ನಮ್ಮ ಪಾವತಿಯಲ್ಲಿ 52. ಅಂಥ ಖಾತೆಯೇ ಇಲ್ಲದಿದ್ದರೆ ಹಣ ತಾನಾಗಿ ಹಿಂದಿರುಗುತ್ತಿತ್ತೇನೋ. ಆ 52 ಮಾತ್ರ ಯಾರದೋ ನಿಜವಾದ ಖಾತೆ. ಬ್ಯಾಂಕು ನೋಡಿದ್ದು ಸಂಖ್ಯೆಯನ್ನು, ಹೆಸರನ್ನಲ್ಲ.

ಕಾರ್ಯದರ್ಶಿ ನಮ್ಮಿಬ್ಬರನ್ನೂ ಒಳಗೆ ಕರೆದರು. ಅಕ್ಕ ನನ್ನ ಕಡೆ ನೋಡಲೇ ಇಲ್ಲ.

"ಇವಳಿಗೆ ಮೊದಲಿಂದ್ಲೂ ಅಂಕಿ ತಿರುಗ್ತದೆ ಸರ್. ಪಂಚವೀಸ್ ಅಂತ್ಲೇ ಕರೀತೆ ನಾನು."

ಅದು ನಮ್ಮಿಬ್ಬರ ನಡುವಿನ ಮಾತಾಗಿತ್ತು.

"ಅವಳದು ತಿರುಗಿತು, ಸರಿ. ನೀವು ಹೊಡೆದದ್ದೂ ಅದೇ ಥರ ತಿರುಗಿದ್ದು ಹೇಗೆ?" ಎಂದು ಕಾರ್ಯದರ್ಶಿ ಕೇಳಿದರು.

ನಾನು ಹೊಡೆದ ಸಂಖ್ಯೆಗಳನ್ನು ಫೈಲಿಗೆಂದು ಪ್ರಿಂಟ್ ತೆಗೆದಿಡುತ್ತಿದ್ದ ಪಟ್ಟಿಯನ್ನು ಅಕ್ಕ ಮುಂದೆ ಸರಿಸಿದರು. "ಸ್ಕ್ಯಾನ್ ಮಸುಕು ಸರ್, ಕಣ್ಣು ನೋಯ್ತದೆ. ಅದಕ್ಕೇ ಇದನ್ನ ನೋಡಿ ಹೊಡೀತಿದ್ದೆ. ಇವಳ ಮೇಲೆ ನಂಬಿಕೆ ಇತ್ತಲ್ಲ."

ಅವರಿಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು. ನನ್ನ ಗುತ್ತಿಗೆ ಮುಂದುವರಿಯಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಅವರು ಎಂದಿನಂತೆ ಡಬ್ಬಿ ಬಿಚ್ಚಿ, "ಬಾರೇ, ಉಣ್ಣು" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಬೆರಳಿನ ಮೇಲೆ ನನಗೇ ನಂಬಿಕೆ ಇರ್ಲಿಲ್ಲ ಅಕ್ಕ," ಅಂದೆ. "ನೀವು ನೋಡ್ತೀರಿ ಅಂತ ಹೊಡೀತಿದ್ದೆ."

ಅವರು ಅನ್ನ ಕಲಸುತ್ತಲೇ ಇದ್ದರು. ನಾನು ಹೊರಗೆ ಬಂದು ಬಸ್ಸಿಗೆ ನಿಂತೆ.